ಕೀಲಿಕೈ ಜೊತೆ ಒಪ್ಪಿಸಿದ ಟಿಪ್ಪಣಿ

ಕೆಲಸ ಬಿಡುವ ಮುನ್ನ ನನ್ನ ಜಾಗಕ್ಕೆ ಬರುವವರಿಗಾಗಿ ಬರೆದಿಟ್ಟ ಟಿಪ್ಪಣಿಯ ಮೊದಲ ಪುಟದಲ್ಲಿ ಒಂದು ನಕ್ಷೆಯಷ್ಟೇ ಇತ್ತು. ಇಂಟರ್ನೆಟ್ ಕೆಳಮಹಡಿಯ ರೌಟರ್‌ಗೆ, ಅಲ್ಲಿಂದ ಸ್ವಿಚ್‌ಗೆ, ಆ ಸ್ವಿಚ್‌ನಿಂದ ಒಂದೇ ಕೇಬಲ್ ಮೇಲ್ಮಹಡಿಯ ಸ್ವಿಚ್‌ಗೆ. ಆ ಕೇಬಲ್ಲನ್ನು ಕೆಂಪು ಶಾಯಿಯಲ್ಲಿ ಎಳೆದಿದ್ದೆ. ನಮ್ಮ ಜಾಲದ ದುರ್ಬಲ ಜಾಗ ಅದೇ.

ಒಮ್ಮೆ ಮೇಲಿನವರಿಗೆ ಮಾತ್ರ ದೊಡ್ಡ ಕಡತಗಳು ತೆರೆಯಲು ಬಹಳ ಹೊತ್ತು ಹಿಡಿಯತೊಡಗಿತು. ಇಂಟರ್ನೆಟ್ ಕಂಪನಿಯನ್ನು ದೂರುತ್ತ ಎರಡು ದಿನ ಕಳೆದೆವು. ಕೊನೆಗೆ ಸ್ವಿಚ್‌ನಲ್ಲಿ ಆ ಪೋರ್ಟಿನ ವೇಗ ನೋಡಿದರೆ, 1000 ಇರಬೇಕಾದಲ್ಲಿ 100 ಎಂದಿತ್ತು.

ಕೇಬಲ್ಲಿನೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. ಸೆಕೆಂಡಿಗೆ 1000 ಮೆಗಾಬಿಟ್ ಸಾಗಲು ನಾಲ್ಕೂ ಬೇಕು. 100ಕ್ಕೆ ಎರಡು ಜೋಡಿ ಸಾಕು. ಬೀರು ಸರಿಸುವಾಗ ಅದರ ಕಾಲಡಿ ಸಿಕ್ಕು, ಆ ಎರಡನ್ನು ಬಿಟ್ಟು ಉಳಿದ ಜೋಡಿಗಳಲ್ಲೊಂದು ತುಂಡಾಗಿತ್ತು. ಸ್ವಿಚ್ ತಾನಾಗಿಯೇ ವೇಗ ಇಳಿಸಿಕೊಂಡು ಸಂಪರ್ಕ ಉಳಿಸಿಕೊಂಡಿತ್ತು. ಪೂರ್ತಿ ನಿಂತಿದ್ದರೆ ಅರ್ಧ ಗಂಟೆಯಲ್ಲೇ ಪತ್ತೆ ಹಚ್ಚುತ್ತಿದ್ದೆವು ಎಂದು ಈಗಲೂ ಅನ್ನಿಸುತ್ತದೆ.

ಅದಕ್ಕೇ ಟಿಪ್ಪಣಿಯಲ್ಲಿ ಹೀಗೆ ಬರೆದೆ: ಒಂದೇ ಮಹಡಿ ನಿಧಾನವಾದರೆ ಮೊದಲು ಕೆಂಪು ಕೇಬಲ್ಲಿನ ಎರಡೂ ತುದಿಯ ಪೋರ್ಟ್ ವೇಗ ನೋಡಿ. 100 ಕಂಡರೆ ಬೇರೆ ಕೇಬಲ್ ಹಾಕಿ ನೋಡಿ. 1000 ಇದ್ದರೆ ಮಾತ್ರ ಬೇರೆ ಕಡೆ ಹುಡುಕಿ.