ಯಂತ್ರ ಬಂದ ದಿನ ಬೇರೆ, ಸವಕಳಿ ಶುರುವಾಗುವ ದಿನ ಬೇರೆ

ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ 2021ರ ಆಗಸ್ಟ್‌ನಲ್ಲಿ ಸಿಎನ್‌ಸಿ ಲೇತ್ ಯಂತ್ರವೊಂದನ್ನು ಕೊಂಡಿತು ಎಂದಿಟ್ಟುಕೊಳ್ಳಿ. ಬೆಲೆ 20 ಲಕ್ಷ ರೂಪಾಯಿ, ಅದರ ಮೇಲೆ ಶೇ 18ರಂತೆ 3.60 ಲಕ್ಷ ಜಿಎಸ್‌ಟಿ. ಲಾರಿ ಬಾಡಿಗೆ 30 ಸಾವಿರ, ಯಂತ್ರ ಅಲುಗದಂತೆ ಹಾಕಿದ ಕಾಂಕ್ರೀಟ್ ತಳಪಾಯಕ್ಕೆ 50 ಸಾವಿರ, ಜೋಡಣೆ ಮತ್ತು ಟ್ರಯಲ್‌ಗೆ 20 ಸಾವಿರ. ಆಪರೇಟರ್‌ಗೆ ತರಬೇತಿ ಕೊಡಿಸಲು 15 ಸಾವಿರ. ಈ ಬಿಲ್‌ಗಳು ಒಂದೇ ದಿನ ಬರುವುದಿಲ್ಲ, ಒಬ್ಬರಿಂದಲೇ ಬರುವುದೂ ಇಲ್ಲ. ಫಿಕ್ಸೆಡ್ ಅಸೆಟ್ ರಿಜಿಸ್ಟರ್‌ನಲ್ಲಿ ಮೊದಲ ತಪ್ಪು ಆಗುವುದು ಇಲ್ಲಿಯೇ. ದೊಡ್ಡ ಬಿಲ್ಲು ಯಂತ್ರದ ಖಾತೆಗೆ ಹೋಗುತ್ತದೆ, ಚಿಲ್ಲರೆ ಬಿಲ್ಲುಗಳು ಸಾಗಾಣಿಕೆ, ರಿಪೇರಿ ಎಂದು ಆ ವರ್ಷದ ಖರ್ಚಿನಲ್ಲಿ ಕರಗಿಹೋಗುತ್ತವೆ.

ನಿಯಮ ಸರಳವಾಗಿದೆ. ಯಂತ್ರವನ್ನು ಅದರ ಜಾಗಕ್ಕೆ ತಂದು ಕೆಲಸಕ್ಕೆ ಸಿದ್ಧಗೊಳಿಸಲು ತಗುಲಿದ್ದೆಲ್ಲ ಅದರ ವೆಚ್ಚ. ಸಾಗಾಣಿಕೆ, ತಳಪಾಯ, ಜೋಡಣೆ, ಟ್ರಯಲ್ ಇದರೊಳಗೆ ಬರುತ್ತವೆ. ತರಬೇತಿ ಬರುವುದಿಲ್ಲ, ಅದು ಆ ವರ್ಷದ ಖರ್ಚು. ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದಿದ್ದರೆ ಅದನ್ನೂ ವೆಚ್ಚಕ್ಕೆ ಸೇರಿಸುವಂತಿಲ್ಲ. ಕ್ರೆಡಿಟ್ಟೂ ಬೇಕು, ಅದೇ ತೆರಿಗೆಯ ಮೇಲೆ ಸವಕಳಿಯೂ ಬೇಕು ಎಂದರೆ ಜಿಎಸ್‌ಟಿ ಕಾನೂನು ಒಪ್ಪುವುದಿಲ್ಲ. ಹಾಗಾಗಿ ನಮ್ಮ ಲೇತ್ ರಿಜಿಸ್ಟರ್‌ಗೆ ಸೇರುವುದು 21 ಲಕ್ಷಕ್ಕೆ.

ಇಆರ್‌ಪಿಯಲ್ಲಿ ಈ 21 ಲಕ್ಷವನ್ನು ಒಟ್ಟುಗೂಡಿಸುವುದು ಹೇಗೆ? ನಮ್ಮಲ್ಲಿ ಅನೇಕ ಸಣ್ಣ ಉದ್ದಿಮೆಗಳು ಬಳಸುವ ಇಆರ್‌ಪಿನೆಕ್ಸ್ಟ್ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಮೊದಲು ‘ಯಂತ್ರೋಪಕರಣ’ ಎಂಬಂಥ ಒಂದು `Asset Category` ತೆರೆಯಬೇಕು. ಯಂತ್ರದ ಖಾತೆ, ಈವರೆಗಿನ ಸವಕಳಿಯ ಖಾತೆ, ಸವಕಳಿ ವೆಚ್ಚದ ಖಾತೆ, ಇನ್ನೂ ಸಿದ್ಧವಾಗದ ಆಸ್ತಿಯ ಖಾತೆ ಇವನ್ನೆಲ್ಲ ಅಲ್ಲೇ ಜೋಡಿಸಿಡುತ್ತಾರೆ. ಯಂತ್ರ ಗೇಟಿನೊಳಗೆ ಬಂದಾಗ ಅದರ ಬೆಲೆ ನೇರವಾಗಿ ಯಂತ್ರದ ಖಾತೆಗೆ ಹೋಗದೆ, ಸಿದ್ಧವಾಗದ ಆಸ್ತಿಯ ಖಾತೆಯಲ್ಲಿ ಕೂರಬೇಕು. ಲಾರಿ ಬಾಡಿಗೆ, ತಳಪಾಯ, ಜೋಡಣೆಯ ಬಿಲ್‌ಗಳನ್ನು `Landed Cost Voucher` ಮೂಲಕ ಅದರ ಮೇಲೇರಿಸಬೇಕು. ಎಲ್ಲ ಸೇರಿದ ಮೇಲಷ್ಟೇ ಅಸೆಟ್ ದಾಖಲೆಯನ್ನು ಸಬ್ಮಿಟ್ ಮಾಡಬೇಕು. ಅವಸರಕ್ಕೆ ಮೊದಲೇ ಸಬ್ಮಿಟ್ ಮಾಡಿಬಿಟ್ಟರೆ ಆಮೇಲೆ ಬರುವ ಬಿಲ್‌ಗೆ ದಾರಿ ಮುಚ್ಚಿರುತ್ತದೆ.

ಆ ದಾಖಲೆಯಲ್ಲಿ `Available-for-use Date` ಎಂಬ ಒಂದು ಅಂಕಣವಿದೆ. ನನ್ನ ಮಟ್ಟಿಗೆ ಇಡೀ ರಿಜಿಸ್ಟರ್‌ನಲ್ಲಿ ಅತ್ಯಂತ ಎಚ್ಚರದಿಂದ ತುಂಬಬೇಕಾದ ಜಾಗ ಇದೇ. ಬಿಲ್ಲಿನ ಮೇಲಿರುವ ಆಗಸ್ಟ್ ತಾರೀಖನ್ನೇ ಇಲ್ಲಿ ಹಾಕಿಬಿಡುವುದು ರೂಢಿ. ಆದರೆ ಸವಕಳಿ ಶುರುವಾಗಬೇಕಾದದ್ದು ಯಂತ್ರ ಕೆಲಸಕ್ಕೆ ಸಿದ್ಧವಾದ ದಿನದಿಂದ. ನಮ್ಮ ಲೇತ್ ಟ್ರಯಲ್ ಮುಗಿಸಿ ಉತ್ಪಾದನೆಗೆ ನಿಂತದ್ದು ಅಕ್ಟೋಬರ್ 1ಕ್ಕೆ ಎಂದುಕೊಳ್ಳಿ. ಆದಾಯ ತೆರಿಗೆಗೂ ಈ ತಾರೀಖೇ ಆಧಾರ, ಅಲ್ಲಿ ಯಂತ್ರವನ್ನು ಬಳಕೆಗೆ ತಂದ ದಿನವನ್ನು ನೋಡುತ್ತಾರೆ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಸವಕಳಿ ಮಾತ್ರ ಸಿಗುತ್ತದೆ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ 182 ದಿನ, ಹಾಗಾಗಿ ಯಂತ್ರಗಳ ಸಾಮಾನ್ಯ ದರ ಶೇ 15ರಂತೆ 3.15 ಲಕ್ಷ ಪೂರ್ತಿ ದಕ್ಕುತ್ತದೆ. ಅದೇ ಯಂತ್ರ ಅಕ್ಟೋಬರ್ 5ಕ್ಕೆ ಶುರುವಾಗಿದ್ದರೆ 178 ದಿನ, ಸವಕಳಿ 1,57,500ಕ್ಕೆ ಇಳಿಯುತ್ತದೆ. ಆದ್ದರಿಂದ ಜೋಡಣೆ ಮಾಡಿದ ಎಂಜಿನಿಯರ್ ಸಹಿ ಹಾಕಿದ ಕಮಿಷನಿಂಗ್ ರಿಪೋರ್ಟ್ ಅಸೆಟ್ ದಾಖಲೆಗೇ ಅಂಟಿಕೊಂಡಿರಬೇಕು. ಆಡಿಟರ್ ಕೇಳುವುದು ಅದನ್ನೇ.

ಇನ್ನು ಸವಕಳಿಯ ವಿಧಾನ. 2013ರ ಕಂಪನಿ ಕಾಯ್ದೆಯ ಎರಡನೇ ಶೆಡ್ಯೂಲ್ ಪ್ರಕಾರ ಇಂಥ ಯಂತ್ರದ ಆಯುಸ್ಸು ಸಾಮಾನ್ಯವಾಗಿ 15 ವರ್ಷ, ಕೊನೆಗೆ ಉಳಿಯುವ ಮೌಲ್ಯ ಮೂಲ ವೆಚ್ಚದ ಶೇ 5. ನೇರ ರೇಖೆಯ ವಿಧಾನದಲ್ಲಿ 21 ಲಕ್ಷದಿಂದ 1.05 ಲಕ್ಷ ಕಳೆದು, ಉಳಿದ 19.95 ಲಕ್ಷವನ್ನು 15 ವರ್ಷಕ್ಕೆ ಸಮನಾಗಿ ಹಂಚುತ್ತಾರೆ. ವರ್ಷಕ್ಕೆ 1.33 ಲಕ್ಷ, ಮೊದಲ ಆರು ತಿಂಗಳಿಗೆ 66,500. ಇಳಿಕೆ ಮೌಲ್ಯದ ವಿಧಾನದಲ್ಲಿ ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಒಂದೇ ದರ ಹಾಕುತ್ತಾರೆ. 15 ವರ್ಷದಲ್ಲಿ ಶೇ 5ಕ್ಕೆ ಇಳಿಯಬೇಕಾದರೆ ಆ ದರ ಶೇ 18.10 ಆಗುತ್ತದೆ. ಮೊದಲ ಅರ್ಧ ವರ್ಷಕ್ಕೇ 1,90,050. ಆರಂಭದ ವರ್ಷಗಳಲ್ಲಿ ಭಾರ ಹೆಚ್ಚು, ಬರಬರುತ್ತ ಹಗುರ.

ಯಾವುದು ಸರಿ? ಯಂತ್ರ ಮಾರುವ ದಿನ ಇದಕ್ಕೆ ಒಂದು ಕುತೂಹಲದ ಉತ್ತರ ಸಿಗುತ್ತದೆ. ಸರಿಯಾಗಿ ನಾಲ್ಕು ವರ್ಷ ಬಳಸಿ, 2025ರ ಸೆಪ್ಟೆಂಬರ್ 30ರಂದು ಕಂಪನಿ ಈ ಲೇತನ್ನು 12 ಲಕ್ಷಕ್ಕೆ ಮಾರಿತು. ಮೇಲೆ ಜಿಎಸ್‌ಟಿ 2.16 ಲಕ್ಷ. ನೇರ ರೇಖೆಯ ಲೆಕ್ಕದಲ್ಲಿ ಅಲ್ಲಿಯವರೆಗಿನ ಸವಕಳಿ 5.32 ಲಕ್ಷ, ಪುಸ್ತಕದ ಮೌಲ್ಯ 15.68 ಲಕ್ಷ. ಅಂದರೆ 3.68 ಲಕ್ಷ ನಷ್ಟ. ಇಳಿಕೆ ಮೌಲ್ಯದ ಲೆಕ್ಕದಲ್ಲಿ ಪುಸ್ತಕದ ಮೌಲ್ಯ ಆಗಲೇ ಸುಮಾರು 9.54 ಲಕ್ಷಕ್ಕೆ ಇಳಿದಿರುತ್ತದೆ, ಆದ್ದರಿಂದ ಅದೇ ಮಾರಾಟದಲ್ಲಿ 2.46 ಲಕ್ಷ ಲಾಭ. ಯಂತ್ರ ಅದೇ, ಬೆಲೆ ಅದೇ. ನಾಲ್ಕು ವರ್ಷದ ಸವಕಳಿಗೆ ನಷ್ಟವನ್ನು ಕೂಡಿದರೂ, ಸವಕಳಿಯಿಂದ ಲಾಭವನ್ನು ಕಳೆದರೂ ಸಿಗುವುದು ಒಂದೇ ಮೊತ್ತ, 9 ಲಕ್ಷ. 21ಕ್ಕೆ ಕೊಂಡು 12ಕ್ಕೆ ಮಾರಿದ ವ್ಯತ್ಯಾಸ ಅದು. ಮಾರಾಟದ ಲಾಭ ನಷ್ಟ ಎಂದು ಕಾಣುವುದು ನಿಜವಾಗಿ ಹಿಂದಿನ ವರ್ಷಗಳ ಸವಕಳಿಯ ಅಂದಾಜಿಗೆ ಆಗುವ ತಿದ್ದುಪಡಿ. ಇದು ಮನಸ್ಸಿನಲ್ಲಿದ್ದರೆ ‘ಯಂತ್ರ ಮಾರಿ ಲಾಭ ಮಾಡಿದೆವು’ ಎಂದು ಯಾರೂ ಹಿಗ್ಗುವುದಿಲ್ಲ.

ಜಮಾಖರ್ಚಿನಲ್ಲಿ ಆ ದಿನ ಆಗಬೇಕಾದದ್ದು ಇಷ್ಟು, ನೇರ ರೇಖೆಯ ಲೆಕ್ಕದ ಪ್ರಕಾರ. ಕೊಂಡವರ ಖಾತೆಗೆ 14.16 ಲಕ್ಷ ಡೆಬಿಟ್, ಈವರೆಗಿನ ಸವಕಳಿಗೆ 5.32 ಲಕ್ಷ ಡೆಬಿಟ್, ನಷ್ಟಕ್ಕೆ 3.68 ಲಕ್ಷ ಡೆಬಿಟ್. ಯಂತ್ರದ ಖಾತೆಗೆ 21 ಲಕ್ಷ ಕ್ರೆಡಿಟ್, ಜಿಎಸ್‌ಟಿಗೆ 2.16 ಲಕ್ಷ ಕ್ರೆಡಿಟ್. ಎರಡೂ ಕಡೆ 23.16 ಲಕ್ಷ. ಅಸೆಟ್ ದಾಖಲೆಯಲ್ಲಿರುವ `Sell Asset` ಬಟನ್‌ನಿಂದಲೇ ಮಾರಾಟದ ಬಿಲ್ ಮಾಡಿದರೆ ತಂತ್ರಾಂಶ ಆ ದಿನದವರೆಗಿನ ಸವಕಳಿ ಹಾಕಿ ಈ ನಮೂದುಗಳನ್ನು ತಾನೇ ಮಾಡುತ್ತದೆ. ಗುಜರಿಗೆ ಎಸೆದರೆ `Scrap Asset` ಇದೆ. ಜಿಎಸ್‌ಟಿಯಲ್ಲಿ ಇನ್ನೊಂದು ಮಾತು: ಕೊಳ್ಳುವಾಗ ಪಡೆದ ಕ್ರೆಡಿಟ್‌ನಲ್ಲಿ ಕಾಲಕ್ಕೆ ತಕ್ಕಂತೆ ಕಳೆದು ಉಳಿದ ಭಾಗ, ಮಾರಾಟದ ತೆರಿಗೆ, ಈ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಇಲ್ಲಿ ಮಾರಾಟದ ತೆರಿಗೆಯೇ ಹೆಚ್ಚು. ಕೊಂಡ ಮರುವರ್ಷವೇ ಕಡಿಮೆ ಬೆಲೆಗೆ ಮಾರುವವರು ಇದನ್ನು ತಪ್ಪದೆ ಲೆಕ್ಕ ಹಾಕಿ ನೋಡಬೇಕು.

ಆದಾಯ ತೆರಿಗೆಗೆ ಈ ನಷ್ಟ ಲೆಕ್ಕಕ್ಕಿಲ್ಲ. ಅಲ್ಲಿ ಒಂದೇ ದರದ ಆಸ್ತಿಗಳೆಲ್ಲ ಸೇರಿ ಒಂದು ಬ್ಲಾಕ್, ಮಾರಿದ 12 ಲಕ್ಷ ಆ ಬ್ಲಾಕಿನಿಂದ ಕಳೆಯುತ್ತದೆ ಅಷ್ಟೇ. ಇಆರ್‌ಪಿನೆಕ್ಸ್ಟ್ ಒಂದೊಂದು ಆಸ್ತಿಯನ್ನೂ ಬೇರೆಯಾಗಿ ನೋಡುವುದರಿಂದ, ಬ್ಲಾಕ್ ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿ ಇಟ್ಟುಕೊಳ್ಳುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಎಷ್ಟೋ ಕಡೆ ಮಾರಾಟವನ್ನು ಮಾಮೂಲಿ ಸೇಲ್ಸ್ ಬಿಲ್ ಆಗಿ ಮಾಡಿಬಿಡುತ್ತಾರೆ. ಆಗ 12 ಲಕ್ಷ ವ್ಯಾಪಾರದ ಆದಾಯವಾಗಿ ಕಾಣುತ್ತದೆ, ಶೆಡ್‌ನಲ್ಲಿಲ್ಲದ ಯಂತ್ರ ರಿಜಿಸ್ಟರ್‌ನಲ್ಲಿ ಉಳಿದು ತಿಂಗಳು ತಿಂಗಳೂ ಸವಕಳಿ ಹಾಕಿಸಿಕೊಳ್ಳುತ್ತಿರುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ, ರಿಜಿಸ್ಟರ್ ಮತ್ತು ಲೆಡ್ಜರ್ ಕೂಡ ಪರಸ್ಪರ ತಾಳೆಯಾಗುತ್ತವೆ. ಹಾಗಾಗಿ ಈ ತಪ್ಪು ಕಂಪ್ಯೂಟರ್ ಮುಂದೆ ಕೂತವರಿಗೆ ಸಿಗುವುದಿಲ್ಲ. ರಿಜಿಸ್ಟರ್ ಪ್ರಿಂಟ್ ಹಿಡಿದು ಶೆಡ್‌ಗೆ ಹೋಗಿ, ಪ್ರತಿ ಯಂತ್ರದ ಮೇಲೆ ಬರೆದ ಅಸೆಟ್ ನಂಬರ್‌ಗೆ ಟಿಕ್ ಹಾಕುತ್ತ ಬಂದವರಿಗೆ ಸಿಗುತ್ತದೆ. ಇನ್ನೊಂದು ತಪ್ಪು ಮಾತ್ರ ಕೂತಲ್ಲೇ ಗೊತ್ತಾಗುತ್ತದೆ: ಯಾರಾದರೂ ಜರ್ನಲ್ ಎಂಟ್ರಿಯಿಂದ ನೇರವಾಗಿ ಯಂತ್ರದ ಖಾತೆಗೆ ಹಣ ಹಾಕಿದ್ದರೆ, `Fixed Asset Register` ವರದಿಯ ಒಟ್ಟು ಮೊತ್ತಕ್ಕಿಂತ ಲೆಡ್ಜರ್‌ನ ಬಾಕಿ ಅಷ್ಟೇ ಹೆಚ್ಚಿರುತ್ತದೆ. ಆ ಹಣಕ್ಕೆ ರಿಜಿಸ್ಟರ್‌ನಲ್ಲಿ ಆಸ್ತಿಯೇ ಇಲ್ಲದ್ದರಿಂದ ಅದರ ಮೇಲೆ ಎಂದೂ ಸವಕಳಿ ಬೀಳುವುದಿಲ್ಲ. ಪ್ರತಿ ತಿಂಗಳ ಕೊನೆಗೆ ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅಂಥ ಎಂಟ್ರಿ ಆ ತಿಂಗಳೇ ಸಿಗುತ್ತದೆ, ಹಾಕಿದವರಿಗೂ ಅದು ಯಾವ ಬಿಲ್ಲು ಎಂಬುದು ಇನ್ನೂ ನೆನಪಿರುತ್ತದೆ.