350 ರೂಪಾಯಿಯೊಳಗೆ ಅಡಗಿರುವ ಶೇ 13.5

ನಿಫ್ಟಿಯ ಆಪ್ಷನ್ ಚೈನ್ ತೆರೆದು ನೋಡಿದವರಿಗೆ ‘ಐವಿ’ ಎಂಬ ಕಾಲಂ ಪರಿಚಿತ. ಒಂದೊಂದು ಸ್ಟ್ರೈಕ್‌ನ ಬೆಲೆಯ ಪಕ್ಕದಲ್ಲೂ 12.8, 13.5, 15.1 ಎಂಬಂಥ ಅಂಕಿಗಳಿರುತ್ತವೆ. ಬೆಲೆ ಎಲ್ಲಿಂದ ಬಂತೆಂದು ಕೇಳಬೇಕಿಲ್ಲ, ಒಬ್ಬ ಮಾರಿದ, ಇನ್ನೊಬ್ಬ ಕೊಂಡ. ಆದರೆ ಆ ಕಾಲಂನಲ್ಲಿರುವ ಐವಿ ಯಾವ ವಹಿವಾಟಿನಿಂದಲೂ ನೇರವಾಗಿ ಬಂದದ್ದಲ್ಲ. ಬೆಲೆಯನ್ನು ಕೈಯಲ್ಲಿ ಹಿಡಿದು, ಸೂತ್ರದಲ್ಲಿ ಹಿಂದಕ್ಕೆ ನಡೆದು ಅದನ್ನು ಹೊರತೆಗೆಯಬೇಕು. ಈ ಹಿಮ್ಮುಖ ನಡಿಗೆಗೆ ಇರುವ ದಾರಿಗಳಲ್ಲಿ ಅತ್ಯಂತ ಸರಳವಾದದ್ದು, ಎಡವಿ ಬೀಳುವ ಭಯ ಕಡಿಮೆ ಇರುವುದು, ಬೈಸೆಕ್ಷನ್. ಉತ್ತರ ಇರುವ ವ್ಯಾಪ್ತಿಯನ್ನು ಪ್ರತಿ ಸಲವೂ ಅರ್ಧಕ್ಕೆ ಕತ್ತರಿಸುತ್ತ ಹುಡುಕುವ ವಿಧಾನ ಅದು.

ಮೊದಲು ಮುಮ್ಮುಖ ದಾರಿಯನ್ನು ನೋಡೋಣ. ಆಪ್ಷನ್ ಬೆಲೆಗೆ ಸೂತ್ರ ಕೊಟ್ಟವರು ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್. ಅವರ ಪ್ರಬಂಧ ಪ್ರಕಟವಾದದ್ದು 1973ರಲ್ಲಿ. ಆ ಸೂತ್ರಕ್ಕೆ ಐದು ಸಂಗತಿಗಳನ್ನು ಉಣಿಸಬೇಕು: ಸೂಚ್ಯಂಕ ಈಗ ಎಷ್ಟಿದೆ, ಸ್ಟ್ರೈಕ್ ಎಷ್ಟು, ಎಕ್ಸ್‌ಪೈರಿಗೆ ಎಷ್ಟು ದಿನ ಉಳಿದಿದೆ, ಬಡ್ಡಿ ದರ ಎಷ್ಟು, ಸೂಚ್ಯಂಕದ ವಾರ್ಷಿಕ ಏರಿಳಿತ, ಅಂದರೆ ವೊಲಟಿಲಿಟಿ, ಶೇಕಡಾ ಎಷ್ಟು. ಮೊದಲ ಮೂರು ಪರದೆಯ ಮೇಲೇ ಇರುತ್ತವೆ, ಬಡ್ಡಿಯನ್ನು ಟ್ರೆಷರಿ ಬಿಲ್‌ಗಳ ದರದಿಂದ ಎತ್ತಿಕೊಳ್ಳಬಹುದು. ಐದನೆಯದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ, ಏಕೆಂದರೆ ಅದು ಇನ್ನೂ ಬಾರದ ದಿನಗಳ ಏರಿಳಿತ. ಆದರೆ ಆಪ್ಷನ್‌ನ ಬೆಲೆ ಪೇಟೆಯಲ್ಲಿ ಈಗಾಗಲೇ ನಿಗದಿಯಾಗಿಬಿಟ್ಟಿದೆ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕಾಗುತ್ತದೆ: ಏರಿಳಿತ ಎಷ್ಟೆಂದು ಇಟ್ಟುಕೊಂಡರೆ ಸೂತ್ರ ಪೇಟೆಯ ಈ ಬೆಲೆಯನ್ನೇ ಕೊಡುತ್ತದೆ? ಉತ್ತರವಾಗಿ ಬರುವ ಅಂಕಿಯೇ ಇಂಪ್ಲೈಡ್ ವೊಲಟಿಲಿಟಿ, ಟ್ರೇಡರ್‌ಗಳ ಬಾಯಲ್ಲಿ ಐವಿ.

ಇಲ್ಲೊಂದು ತೊಡಕಿದೆ. ಸೂತ್ರದಲ್ಲಿ ಏರಿಳಿತ ಹಲವು ಕಡೆ ಹೊಕ್ಕು, ಗಂಟೆಯಾಕಾರದ ವಕ್ರರೇಖೆಯ ಕೆಳಗಿನ ವಿಸ್ತೀರ್ಣದೊಳಗೆ ಕೂತಿರುತ್ತದೆ. ಶಾಲೆಯ ಬೀಜಗಣಿತದಂತೆ ಅದನ್ನು ಸಮೀಕರಣದ ಒಂದು ಬದಿಗೆ ತಂದು ನಿಲ್ಲಿಸಲು ಬರುವುದಿಲ್ಲ. ಒಂದು ಅಂಕಿ ಹಾಕಿ ನೋಡುವುದು, ಬೆಲೆ ಹೆಚ್ಚಾದರೆ ಇಳಿಸುವುದು, ಕಡಿಮೆಯಾದರೆ ಏರಿಸುವುದು, ಉಳಿದಿರುವ ದಾರಿ ಇದೇ. ಕಣ್ಣಂದಾಜಿನಲ್ಲಿ ಮಾಡುವ ಈ ಕೆಲಸಕ್ಕೆ ಬೈಸೆಕ್ಷನ್ ಒಂದು ಶಿಸ್ತು ತರುತ್ತದೆ.

ಈ ಶಿಸ್ತು ಕೆಲಸ ಮಾಡಲು ಒಂದೇ ಒಂದು ಷರತ್ತು ಸಾಕು. ಏರಿಳಿತ ಹೆಚ್ಚಿದಂತೆಲ್ಲ ಆಪ್ಷನ್ ಬೆಲೆ ಹೆಚ್ಚುತ್ತಲೇ ಹೋಗಬೇಕು, ನಡುವೆ ಎಲ್ಲಿಯೂ ಇಳಿಯಬಾರದು. ಕಾಲ್, ಪುಟ್ ಎರಡೂ ಈ ಷರತ್ತನ್ನು ಪಾಲಿಸುತ್ತವೆ. ಕಾಲ್ ಕೊಂಡವನು ಕಳೆದುಕೊಳ್ಳುವುದು ಹೆಚ್ಚೆಂದರೆ ಕೊಟ್ಟ ಪ್ರೀಮಿಯಂ ಮಾತ್ರ. ಸೂಚ್ಯಂಕ ಎಷ್ಟೇ ಆಳಕ್ಕೆ ಬಿದ್ದರೂ ಅವನ ನಷ್ಟ ಅಲ್ಲಿಗೇ ನಿಲ್ಲುತ್ತದೆ, ಮೇಲೆದ್ದರೆ ಮಾತ್ರ ಲಾಭಕ್ಕೆ ಮಿತಿಯಿಲ್ಲ. ಆದ್ದರಿಂದ ಓಲಾಟ ದೊಡ್ಡದಾದಷ್ಟೂ ಅವನ ಹಕ್ಕಿಗೆ ಬೆಲೆ ಹೆಚ್ಚು. ಬೆಲೆ ಹೀಗೆ ಒಂದೇ ದಿಕ್ಕಿನಲ್ಲಿ ಹೋಗುವುದರಿಂದ ಒಂದು ಬೆಲೆಗೆ ಎರಡು ಐವಿ ಇರಲು ಸಾಧ್ಯವಿಲ್ಲ.

ಈಗ ಒಂದು ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಫ್ಟಿ 25,000ದಲ್ಲಿದೆ. 25,200ರ ಕಾಲ್, ಎಕ್ಸ್‌ಪೈರಿಗೆ 30 ದಿನ, ಬಡ್ಡಿ ಶೇ 6. ಪೇಟೆಯಲ್ಲಿ ಕಾಲ್‌ನ ಬೆಲೆ 350 ರೂಪಾಯಿ. ನಿಫ್ಟಿ ಆಪ್ಷನ್‌ಗಳನ್ನು ಎಕ್ಸ್‌ಪೈರಿಯ ದಿನ ಮಾತ್ರ ಚಲಾಯಿಸಲು ಬರುವುದರಿಂದ ಈ ಸೂತ್ರ ಅವಕ್ಕೆ ನೇರವಾಗಿ ಹೊಂದುತ್ತದೆ.

ಹುಡುಕಾಟಕ್ಕೆ ಎರಡು ಗಡಿ ಬೇಕು. ಕೆಳಗಿನ ಗಡಿ ಶೇ 5 ಇರಲಿ, ಮೇಲಿನದು ಶೇ 45. ಮೊದಲು ಗಡಿಗಳನ್ನೇ ಪರೀಕ್ಷಿಸಬೇಕು. ಶೇ 5 ಹಾಕಿದರೆ ಸೂತ್ರ ಕೊಡುವ ಬೆಲೆ 108 ರೂಪಾಯಿ, ಶೇ 45 ಹಾಕಿದರೆ 1,250. ನಮ್ಮ 350 ಇವೆರಡರ ನಡುವೆ ಇದೆ, ಅಂದರೆ ಉತ್ತರ ಈ ಬೇಲಿಯೊಳಗೇ ಇದೆ.

ನಡುವಿನ ಅಂಕಿ ಶೇ 25. ಬೆಲೆ 678 ಬರುತ್ತದೆ, ಬೇಕಾದುದಕ್ಕಿಂತ ಬಹಳ ಹೆಚ್ಚು. ಹಾಗಾದರೆ ಉತ್ತರ 25ಕ್ಕಿಂತ ಕೆಳಗಿದೆ; 25ರಿಂದ 45ರವರೆಗಿನ ಅರ್ಧ ಭಾಗವನ್ನು ಇನ್ನು ನೋಡುವುದೇ ಬೇಡ. ಉಳಿದದ್ದು 5ರಿಂದ 25. ಅದರ ನಡು 15. ಬೆಲೆ 393, ಇನ್ನೂ ಹೆಚ್ಚು. ಮೇಲಿನ ಗಡಿಯನ್ನು 15ಕ್ಕೆ ತಂದರೆ ಹೊಸ ನಡು 10. ಬೆಲೆ 250, ಈಗ ಕಡಿಮೆಯಾಯಿತು. ಆದ್ದರಿಂದ ಈ ಸಲ ಸರಿಸಬೇಕಾದದ್ದು ಕೆಳಗಿನ ಗಡಿ. 10 ಮತ್ತು 15ರ ನಡು 12.5, ಬೆಲೆ 321, ಕಡಿಮೆ. ಮುಂದೆ 13.75ಕ್ಕೆ 357, ಹೆಚ್ಚು. 13.125ಕ್ಕೆ 339, ಕಡಿಮೆ. 13.44ಕ್ಕೆ 348. 13.59ಕ್ಕೆ 352. ಎಂಟು ಹೆಜ್ಜೆಗಳಲ್ಲಿ ಉತ್ತರ 13.44 ಮತ್ತು 13.59ರ ನಡುವೆ ಸಿಕ್ಕಿಬಿದ್ದಿದೆ. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಅಂತರ ಶೇಕಡಾ ನೂರನೆಯ ಒಂದಂಶಕ್ಕಿಂತ ಕಡಿಮೆಯಾಗಿ, ಉತ್ತರ 13.51ರ ಹತ್ತಿರ ನಿಲ್ಲುತ್ತದೆ.

ಎಷ್ಟು ಹೆಜ್ಜೆ ಬೇಕು ಎಂಬುದನ್ನು ಮೊದಲೇ ಹೇಳಬಹುದಾದದ್ದು ಈ ವಿಧಾನದ ಗುಣ. ಆರಂಭದ ಅಗಲ 40 ಅಂಶ. 12 ಸಲ ಅರ್ಧಿಸಿದರೆ 40ನ್ನು 4,096ರಿಂದ ಭಾಗಿಸಿದಂತೆ. ಪೇಟೆ ಏನೇ ಆಗಿರಲಿ, ಸ್ಟ್ರೈಕ್ ಯಾವುದೇ ಇರಲಿ, ಉತ್ತರ ಬೇಲಿಯೊಳಗೆ ಇದ್ದರೆ 12 ಹೆಜ್ಜೆಗೆ ಇಷ್ಟು ನಿಖರತೆ ಖಚಿತ. ನ್ಯೂಟನ್ ವಿಧಾನ ಇದಕ್ಕಿಂತ ವೇಗವಾಗಿ, ಮೂರು ನಾಲ್ಕು ಹೆಜ್ಜೆಗಳಲ್ಲೇ ಮುಟ್ಟುವುದುಂಟು. ಆದರೆ ಅದು ರೇಖೆಯ ಇಳಿಜಾರನ್ನು ನಂಬಿ ಜಿಗಿಯುತ್ತದೆ. ಇಳಿಜಾರು ಬಹುತೇಕ ಚಪ್ಪಟೆಯಾಗಿರುವ ಕಡೆ ಎಲ್ಲಿಗೋ ಹಾರಿ ದಾರಿ ತಪ್ಪುತ್ತದೆ. ಹಾಗಾಗಿ ಅನೇಕ ಪ್ರೋಗ್ರಾಂಗಳು ಮೊದಲು ನ್ಯೂಟನ್‌ಗೆ ಅವಕಾಶ ಕೊಟ್ಟು, ಅದು ಬೇಲಿ ದಾಟಿದರೆ ಬೈಸೆಕ್ಷನ್‌ಗೆ ಮರಳುತ್ತವೆ.

ಪೈಥಾನ್ ಬಲ್ಲವರು ಇಡೀ ಲೆಕ್ಕವನ್ನು ಇಷ್ಟರಲ್ಲಿ ಮಾಡಿ ನೋಡಬಹುದು:

```python
from math import log, sqrt, exp, erf

def N(x):
    return (1 + erf(x / sqrt(2))) / 2

def call(v, S=25000, K=25200, T=30/365, r=0.06):
    d1 = (log(S/K) + (r + v*v/2)*T) / (v*sqrt(T))
    return S*N(d1) - K*exp(-r*T)*N(d1 - v*sqrt(T))

lo, hi = 0.05, 0.45
while hi - lo > 0.0001:
    mid = (lo + hi) / 2
    if call(mid) < 350:
        lo = mid
    else:
        hi = mid
print(lo, hi)
```

ಬಂದ 13.5ರ ಅರ್ಥವೇನು? ಇದು ವಾರ್ಷಿಕ ಅಳತೆ. 30 ದಿನಕ್ಕೆ ಇಳಿಸಲು 30/365ರ ವರ್ಗಮೂಲದಿಂದ ಗುಣಿಸಬೇಕು. ಸುಮಾರು ಶೇ 3.9 ಬರುತ್ತದೆ. ಎಕ್ಸ್‌ಪೈರಿಯ ಹೊತ್ತಿಗೆ ನಿಫ್ಟಿ ಈಗಿರುವಲ್ಲಿಂದ ಮೇಲೆ ಅಥವಾ ಕೆಳಗೆ 970 ಅಂಶಗಳೊಳಗೆ ಉಳಿಯುವ ಸಂಭವ ಮೂರರಲ್ಲಿ ಎರಡರಷ್ಟು ಎಂಬ ಲೆಕ್ಕದಲ್ಲಿ ಈ ಬೆಲೆ ಕುದುರಿದೆ ಎಂದಾಯಿತು. ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ಐವಿ ಹೇಳುವುದಿಲ್ಲ.

ಈ ಅಂಕಿ ಕೆಡುವುದು ಹೆಚ್ಚಾಗಿ ಹುಡುಕಾಟದಲ್ಲಲ್ಲ, ಒಳಗೆ ಹಾಕುವ ಅಂಕಿಗಳಲ್ಲಿ. ನಮ್ಮ ಉದಾಹರಣೆಯಲ್ಲಿ ಐವಿ ಒಂದು ಅಂಶ ಏರಿದರೆ ಕಾಲ್‌ನ ಬೆಲೆ ಸುಮಾರು 28.50 ರೂಪಾಯಿ ಏರುತ್ತದೆ. ಇದನ್ನು ವೇಗಾ ಎನ್ನುತ್ತಾರೆ. ಈಗ ಕಾಲ್‌ನ ಕೊನೆಯ ವಹಿವಾಟು ಹತ್ತು ನಿಮಿಷದ ಹಿಂದೆ ನಡೆದದ್ದು, ಅಷ್ಟರಲ್ಲಿ ನಿಫ್ಟಿ 50 ಅಂಶ ಸರಿದಿದೆ ಎಂದುಕೊಳ್ಳಿ. 50 ಅಂಶಕ್ಕೆ ಈ ಕಾಲ್‌ನ ಬೆಲೆ ಸುಮಾರು 24 ರೂಪಾಯಿ ಬದಲಾಗಬೇಕಿತ್ತು, ಆದರೆ ಪರದೆಯ ಮೇಲೆ ಹಳೆಯ ಬೆಲೆಯೇ ನಿಂತಿದೆ. ಹೊಸ ಸೂಚ್ಯಂಕಕ್ಕೆ ಹಳೆಯ ಬೆಲೆ ಜೋಡಿಸಿದರೆ ಐವಿ 0.8 ಅಂಶದಷ್ಟು ತಪ್ಪುತ್ತದೆ. ಬೈಸೆಕ್ಷನ್ ನಾಲ್ಕು ದಶಮಾಂಶ ಕೊಟ್ಟರೂ ಮೊದಲನೆಯದೇ ಸುಳ್ಳು. ಅದಕ್ಕೇ ಬಲ್ಲವರು ಕೊನೆಯ ವಹಿವಾಟಿನ ಬೆಲೆಯನ್ನು ಬಿಟ್ಟು, ಆ ಕ್ಷಣದ ಬಿಡ್ ಮತ್ತು ಆಸ್ಕ್‌ಗಳ ನಡುವಿನ ಬೆಲೆಯನ್ನು ಬಳಸುತ್ತಾರೆ.

ಇನ್ನೊಂದು ಅಪಾಯ ಆಳವಾದ ಇನ್-ದ-ಮನಿ ಆಪ್ಷನ್‌ಗಳದ್ದು. ಅದೇ ದಿನ 23,000ದ ಕಾಲ್ ತೆಗೆದುಕೊಳ್ಳಿ. 30 ದಿನದ ನಂತರ ಕೊಡಬೇಕಾದ 23,000ಕ್ಕೆ ಇವತ್ತಿನ ಬೆಲೆ 22,887. ಹಾಗಾಗಿ ಏರಿಳಿತ ಸೊನ್ನೆಯಾದರೂ ಸೂತ್ರದ ಪ್ರಕಾರ ಈ ಕಾಲ್ 2,113 ರೂಪಾಯಿಗಿಂತ ಕೆಳಗೆ ಇಳಿಯುವಂತಿಲ್ಲ. ಪರದೆಯಲ್ಲಿ ಹಳೆಯ 2,100 ರೂಪಾಯಿ ಕಂಡರೆ ಅದಕ್ಕೆ ಐವಿಯೇ ಇಲ್ಲ. ಆದರೆ ಮೇಲಿನ ಪ್ರೋಗ್ರಾಂ ಆ ಮಾತು ಹೇಳುವುದಿಲ್ಲ. ಪ್ರತಿ ಸಲವೂ ಬೆಲೆ ಹೆಚ್ಚಾಯಿತೆಂದು ಮೇಲಿನ ಗಡಿಯನ್ನು ಇಳಿಸುತ್ತ ಹೋಗಿ, ಕೊನೆಗೆ 0.05 ಎಂದು ಗಂಭೀರವಾಗಿ ಮುದ್ರಿಸುತ್ತದೆ. ಉತ್ತರ ಗಡಿಗೇ ಅಂಟಿಕೊಂಡಿದ್ದರೆ ಅದು ಉತ್ತರವಲ್ಲ ಎಂದು ತಿಳಿಯಬೇಕು. ಆರಂಭದಲ್ಲೇ ಎರಡೂ ಗಡಿಗಳ ಬೆಲೆ ನೋಡಿಕೊಳ್ಳುವ ಹೆಜ್ಜೆಯನ್ನು ಬಿಡಬಾರದೆನ್ನುವುದು ಇದಕ್ಕೇ.

ಬೆಲೆ ಸರಿಯಾಗಿದ್ದರೂ ಈ ಸ್ಟ್ರೈಕ್ ನಂಬಿಕೆಗೆ ಅರ್ಹವಲ್ಲ. ಇಲ್ಲಿ ಐವಿಯ ಒಂದು ಅಂಶಕ್ಕೆ ಬೆಲೆ ಬದಲಾಗುವುದು ಬರೀ 2 ರೂಪಾಯಿ. ಬಿಡ್ ಮತ್ತು ಆಸ್ಕ್ ನಡುವೆ 10 ರೂಪಾಯಿ ಅಂತರವಿದ್ದರೆ ಐವಿ ಐದು ಅಂಶದಷ್ಟು ಅತ್ತಿತ್ತ ಹೊಯ್ದಾಡುತ್ತದೆ. ಅದೇ ಸ್ಟ್ರೈಕ್‌ನ ಔಟ್-ಆಫ್-ದ-ಮನಿ ಪುಟ್ ಕೆಲವೇ ರೂಪಾಯಿಯದು, ಅದರ ಬಿಡ್-ಆಸ್ಕ್ ಅಂತರವೂ ಸಾಮಾನ್ಯವಾಗಿ ಕಿರಿದು. ಕೆಳಗಿನ ಸ್ಟ್ರೈಕ್‌ಗಳಿಗೆ ಪುಟ್‌ನಿಂದ, ಮೇಲಿನವಕ್ಕೆ ಕಾಲ್‌ನಿಂದ ಐವಿ ತೆಗೆಯುವ ರೂಢಿ ಬಂದದ್ದು ಹೀಗೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದೇ ಎಕ್ಸ್‌ಪೈರಿಯ ಬೇರೆ ಬೇರೆ ಸ್ಟ್ರೈಕ್‌ಗಳು ಬೇರೆ ಬೇರೆ ಐವಿ ಕೊಡುತ್ತವೆ. ಸೂಚ್ಯಂಕ ಒಂದೇ, ಅವಧಿ ಒಂದೇ. ಬ್ಲ್ಯಾಕ್-ಶೋಲ್ಸ್ ಮಾದರಿ ಪೂರ್ತಿ ನಿಜವಾಗಿದ್ದರೆ ಎಲ್ಲ ಕಡೆಯೂ ಒಂದೇ ಅಂಕಿ ಬರಬೇಕಿತ್ತು. 1987ರ ಅಕ್ಟೋಬರ್‌ನ ಅಮೆರಿಕದ ಕುಸಿತದ ನಂತರ ಅಲ್ಲಿನ ಸೂಚ್ಯಂಕ ಆಪ್ಷನ್‌ಗಳಲ್ಲಿ ಕೆಳಗಿನ ಸ್ಟ್ರೈಕ್‌ಗಳ ಐವಿ ಎತ್ತರದಲ್ಲೇ ನೆಲೆಸಿತು. ನಿಫ್ಟಿಯಲ್ಲೂ ಇದೇ ಓರೆ ಕಾಣುತ್ತದೆ. ದಿಢೀರ್ ಕುಸಿತದ ವಿರುದ್ಧ ವಿಮೆಗೆ ಜನ ಹೆಚ್ಚು ಹಣ ಕೊಡಲು ಸಿದ್ಧ, ಮಾದರಿ ಆ ಭಯವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹಾಗಾಗಿ ಐವಿ ಎಂದರೆ ಭವಿಷ್ಯವಾಣಿ ಅಲ್ಲ, ರೂಪಾಯಿಯಲ್ಲಿರುವ ಬೆಲೆಯನ್ನೇ ಶೇಕಡಾ ರೂಪದಲ್ಲಿ ಬರೆದದ್ದು. ಅದರ ಉಪಯೋಗ ಹೋಲಿಕೆಗೆ. 350 ರೂಪಾಯಿಯ ಕಾಲ್ ಮತ್ತು 90 ರೂಪಾಯಿಯ ಪುಟ್‌ಗಳಲ್ಲಿ ಯಾವುದು ದುಬಾರಿ ಎಂದು ಬೆಲೆ ನೋಡಿ ಹೇಳಲಾಗದು, ಐವಿ ನೋಡಿ ಹೇಳಬಹುದು. ಪರದೆಯಲ್ಲಿ ಕಂಡ ಐವಿಯ ಮೇಲೆ ಹಣ ಹೂಡುವ ಮೊದಲು ಮೂರು ವಿಷಯ ನೋಡಿಕೊಳ್ಳಿ: ಆ ಬೆಲೆ ಎಷ್ಟು ಹೊತ್ತಿನದು, ಬಿಡ್-ಆಸ್ಕ್ ಅಂತರ ಎಷ್ಟು, ಅಂಕಿಯನ್ನು ಮತ್ತೆ ಸೂತ್ರಕ್ಕೆ ಹಾಕಿದರೆ ಅದೇ ಬೆಲೆ ಮರಳಿ ಬರುತ್ತದೆಯೇ. ಮೂರನೆಯದು ಬಾರದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ.