ಪಟ್ಟಿ ಎಂದರೆ ಯಾರಿಗೆ ಏನು?

ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಓಣಂ ಊಟ. ಬಡಿಸುವವರ ಹೆಸರುಗಳ ಮೇಲೆ ಕನ್ನಡಿಗರೊಬ್ಬರು ವಾಟ್ಸಾಪ್ ಕರಡಿನಲ್ಲಿ ‘Onam patti’ ಎಂದು ಬರೆದರೆನ್ನಿ.

ಕನ್ನಡದಲ್ಲಿ ಪಟ್ಟಿ ಎಂದರೆ ಹೆಸರುಗಳ ಸಾಲು. ಅದೇ ಉಚ್ಚಾರದ ಮಲಯಾಳಂ ಪದಕ್ಕೆ ನಾಯಿ ಎಂದರ್ಥ, ಬೈಗುಳವೂ ಹೌದು. ಕೆಳಗೆ ಮಲಯಾಳಿಗಳ ಹೆಸರುಗಳಿದ್ದರಂತೂ ಮನಸ್ಸು ನೋಯುವುದು ಸಹಜ. ತಮಿಳಿನ ಅಜ್ಜಿ ‘ಪಾಟ್ಟಿ’. ಇಂಗ್ಲಿಷ್ ಅಕ್ಷರಗಳಲ್ಲಿ ದೀರ್ಘ ಕಾಣದೆ ಆಕೆಯೂ patti ಆಗುತ್ತಾಳೆ.

ಕನ್ನಡ ಲಿಪಿಯಲ್ಲಿ ಬರೆದರೆ ಅಜ್ಜಿಯ ಗೊಂದಲ ತೀರುತ್ತದೆ, ನಾಯಿಯದು ತೀರದು. ಗಟ್ಟಿಯಾಗಿ ಓದಿದರೆ ಸದ್ದು ಅದೇ. ಕನ್ನಡ ನಿಘಂಟು ಇದನ್ನು ಎಚ್ಚರಿಸುವುದಿಲ್ಲ. ಹಾಗಾಗಿ ಕಳಿಸುವ ಮುನ್ನ ಮಲಯಾಳಿ ನೆರೆಯವರೊಬ್ಬರಿಗೆ ಅರ್ಥ ಹೇಳದೆ ಕರಡು ತೋರಿಸಬೇಕು. ವಿವರಿಸಿಬಿಟ್ಟರೆ ಅವರೂ ಕನ್ನಡದ ಕಣ್ಣಿನಿಂದಲೇ ಓದುತ್ತಾರೆ. ಅವರು ತಡವರಿಸಿದರೆ ‘ಬಡಿಸುವವರು’ ಎಂದು ಬದಲಿಸಿದರಾಯಿತು.